ಒಂದು ಅಳತೆ ಚಿಕ್ಕದು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಳಉಡುಪಿನ ಅಂಗಡಿ ಇಟ್ಟಿದ್ದವಳನ್ನು ಎಲ್ಲರೂ ಅಳತೆ ಅಕ್ಕ ಎಂದೇ ಕರೆಯುತ್ತಿದ್ದರು. ಹೆಂಗಸರು ಹೊಸ್ತಿಲು ದಾಟಿ ಒಳಗೆ ಬರುವಷ್ಟರಲ್ಲಿ ಅವಳ ಕಣ್ಣು ಅವರ ಅಳತೆ ತೆಗೆದು ಮುಗಿಸಿರುತ್ತಿತ್ತು. ಟೇಪು ಕುತ್ತಿಗೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು, ಅಲಂಕಾರಕ್ಕೆ.

ಆದರೆ ಅವಳ ವ್ಯಾಪಾರ ನಿಂತದ್ದು ಅಳತೆಯ ಮೇಲಲ್ಲ, ಪ್ರಶ್ನೆಗಳ ಮೇಲೆ. ಆ ಊರಿನ ಗಾಳಿಯಲ್ಲಿ ಸದಾ ನೀರು. ಡಬ್ಬಿಯ ಉಪ್ಪು ಗಡ್ಡೆ ಕಟ್ಟುತ್ತಿತ್ತು, ಬೀರುವಿನ ಬಾಗಿಲು ಉಬ್ಬಿ ಕಚ್ಚಿಕೊಳ್ಳುತ್ತಿತ್ತು, ಹಗ್ಗಕ್ಕೆ ಹಾಕಿದ ಬಟ್ಟೆ ಮರುದಿನವೂ ತಣ್ಣಗೇ ಇರುತ್ತಿತ್ತು. ಅಂಥ ಊರಿನಲ್ಲಿ ಮೈಗಂಟಿದ ಬಟ್ಟೆ ಏನು ಮಾಡುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಎಲ್ಲಿ ಕೆಲಸ? ನಿಂತು ಮಾಡೋದಾ, ಕೂತು ಮಾಡೋದಾ? ಬೆವರು ಜಾಸ್ತಿನಾ? ಮಧ್ಯಾಹ್ನ ಬದಲಾಯಿಸೋಕೆ ಜಾಗ ಇದೆಯಾ?" ಎಂದು ಕೇಳದೆ ಅವಳು ಪೆಟ್ಟಿಗೆ ಬಿಚ್ಚುತ್ತಿರಲಿಲ್ಲ. ಬಿಸಿಲಲ್ಲಿ ಓಡಾಡುವವರಿಗೆ ಸಡಿಲ ಕಾಟನ್. ತೊಡೆ ಉಜ್ಜಿ ಕೆಂಪಾಗುವವರಿಗೆ ಮರದ ತಿರುಳಿನ ನೂಲಿನ ನುಣುಪಾದ ಮೋಡಾಲ್. ಬೆಳಿಗ್ಗೆ ಓಡಲು ಹೋಗುವವರಿಗೆ ಬೇಗ ಒಣಗುವ ಸಿಂಥೆಟಿಕ್, ಅದೂ ಮನೆಗೆ ಬಂದ ತಕ್ಷಣ ಕಳಚಿ ಹಾಕುತ್ತೇನೆಂದು ಮಾತು ಕೊಟ್ಟರೆ ಮಾತ್ರ.

"ಇಷ್ಟೊಂದು ಪ್ರಶ್ನೆ ನಮ್ಮನೆಯವರೂ ಕೇಳಲ್ಲ" ಎಂದು ಹೆಂಗಸರು ನಗುತ್ತಿದ್ದರು.

ಅವಳಿಗೆ ತನ್ನವರೆಂದು ಇದ್ದದ್ದು ತಂಗಿಯೊಬ್ಬಳೇ. ತಂಗಿ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಹಾಸಿಗೆ ಹೊದಿಕೆಗಳ ರಾಶಿ, ಬುಸುಗುಡುವ ಆವಿ, ಮೇಲೆ ತಿರುಗಿಯೂ ತಿರುಗದಂಥ ಒಂದು ಫ್ಯಾನು. ಮದುವೆಯಾದದ್ದು ಸರಕಿನ ವ್ಯಾನ್ ಓಡಿಸುವವನನ್ನು. ಅವನು ನೋಡಲು ಲಕ್ಷಣವಾಗಿದ್ದ, ಕೆಟ್ಟವನೇನೂ ಅಲ್ಲ, ಆದರೆ ತಾಯಿ ಕೆಮ್ಮಿದರೆ ಎದ್ದು ನಿಲ್ಲುವವನು. ಆ ತಾಯಿ ಗಂಡ ಸತ್ತ ಮೇಲೆ ಒಬ್ಬಳೇ ಮಗನನ್ನು ಬೆಳೆಸಿದವಳು. ಮೂರು ಮಹಡಿಯ ಆ ಹಳೆಯ ಕಟ್ಟಡದಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಪಂಚಾಯಿತಿಗೆ ಅವಳೇ. ಸಂಜೆ ಮೆಟ್ಟಿಲ ಮೇಲೆ ಕೂತು ಅವಳು ಹೇಳಿದ್ದೇ ಕಟ್ಟಡದ ಕಾನೂನು.

ಮಳೆ ಹಿಡಿದ ಒಂದು ಸಂಜೆ ತಂಗಿ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಅಂಗಡಿಗೆ ಬಂದಳು. ಕೊಡೆ ಇರಲಿಲ್ಲ. ಗಿರಾಕಿಗಳು ಹೋಗುವವರೆಗೂ ಮೂಲೆಯ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ಅಕ್ಕ ಚೀಲ ಬಿಚ್ಚಿ ನೋಡಿದರೆ ಒಳಗಿದ್ದದ್ದು ತಂಗಿಯ ಒಳಉಡುಪುಗಳು. ಎಲ್ಲವೂ ಇದೇ ಅಂಗಡಿಯಿಂದ ಹೋದದ್ದು.

"ಏನಿದು?"

"ಅತ್ತೆ ಹೊರಗೆ ಹಾಕಿದ್ರು" ಎಂದಳು ತಂಗಿ. "ನನ್ನನ್ನೂ."

ನಡೆದದ್ದನ್ನು ಅವಳು ತುಂಡು ತುಂಡಾಗಿ ಹೇಳಿದಳು. ತೊಡೆ ಸಂದಿಯಲ್ಲಿ ಕೆಂಪು ಬಳೆಯಂಥ ಮಚ್ಚೆಗಳು ಎದ್ದಿದ್ದವು. ಅಂಚು ಉಬ್ಬಿ, ನಡುವೆ ಮಾಸಿ, ದಿನದಿನಕ್ಕೂ ಅಗಲವಾಗುತ್ತಿದ್ದವು. ಕೆರೆತಕ್ಕೆ ನಿದ್ದೆ ಇರಲಿಲ್ಲ. ಅತ್ತೆ ಅವಳು ಕೆರೆದುಕೊಳ್ಳುವುದನ್ನು ನೋಡಿದಳು, ಬಾಗಿಲು ಹಾಕಿ ತೋರಿಸೆಂದಳು, ನೋಡಿದಳು. ಆಮೇಲೆ ಬಾಗಿಲು ತೆರೆದು ಆ ಬಟ್ಟೆಗಳನ್ನು ಒಂದೊಂದಾಗಿ ಮೆಟ್ಟಿಲ ಕಟಕಟೆಯ ಮೇಲೆ ಎಸೆದಳು. ಮೇಲಿನವರು, ಕೆಳಗಿನವರು, ಶಾಲೆಯಿಂದ ಬರುತ್ತಿದ್ದ ಮಕ್ಕಳು, ಎಲ್ಲರೂ ನಿಂತು ನೋಡಿದರು. 'ಮರ್ಯಾದಸ್ಥ ಹೆಂಗಸರಿಗೆ ಬರೋ ರೋಗ ಅಲ್ಲ ಇದು. ಹೋಟೆಲ್ ಕೆಲಸ ಅಂತ ಹೋಗ್ತಾಳೆ, ಎಲ್ಲಿಂದ ಹೊತ್ಕೊಂಡು ಬಂದಳೋ' ಎಂದು ಅವಳು ಮೂರು ಮಹಡಿಗೂ ಕೇಳುವ ಹಾಗೆ ಹೇಳಿದಳು.

"ನಿನ್ನ ಗಂಡ ಎಲ್ಲಿದ್ದ?"

"ಒಳಗೇ ಇದ್ರು. ಟಿ.ವಿ. ಸೌಂಡು ಜಾಸ್ತಿ ಮಾಡಿದ್ರು."

ಅಕ್ಕ ಬಟ್ಟೆಗಳನ್ನು ಮಡಚುತ್ತಲೇ ಇದ್ದಳು. ಮಡಚಿದ್ದನ್ನು ಮತ್ತೆ ಬಿಚ್ಚಿ ಮಡಚಿದಳು. ತನಗೆ ಬರುತ್ತಿರುವುದು ಅಳುವಲ್ಲ ಎಂದು ಅವಳಿಗೆ ಆಗಲೇ ತಿಳಿಯಿತು.

ಮರುದಿನ ಇಬ್ಬರೂ ಚರ್ಮದ ಡಾಕ್ಟರ ಬಳಿ ಹೋದರು. ಡಾಕ್ಟರಮ್ಮ ಮಚ್ಚೆಯ ಅಂಚಿನಿಂದ ಒಂದಿಷ್ಟು ಹೊಟ್ಟು ಕೆರೆದು ಗಾಜಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಕೈ ತೊಳೆದುಕೊಂಡು ಬಂದು ಕೂತರು.

"ಹುಳುಕಡ್ಡಿ. ಫಂಗಸ್ಸು. ಒದ್ದೆ ಬ್ರೆಡ್ಡಿನ ಮೇಲೆ ಬೂಷ್ಟು ಬರುತ್ತಲ್ಲ, ಅದರ ದೂರದ ನೆಂಟ ಅಂದ್ಕೊಳ್ಳಿ. ಈ ಹವೆಯಲ್ಲಿ ಯಾರಿಗೆ ಬೇಕಾದ್ರೂ ಬರುತ್ತೆ. ಮನೇಲಿ ಇನ್ಯಾರಿಗಾದ್ರೂ ಇದೆಯಾ?"

ತಂಗಿ ಅಕ್ಕನ ಮುಖ ನೋಡಿದಳು. ಆಮೇಲೆ ನೆಲ ನೋಡಿಕೊಂಡು ಹೇಳಿದಳು: "ನಮ್ಮನೆಯವರಿಗೆ ಮೊದಲಿಂದಲೂ ಇದೆ. ಮದುವೆಗೂ ಮುಂಚಿನಿಂದ."

ಅದು ಅಕ್ಕನಿಗೂ ಹೊಸ ಸುದ್ದಿ. ಅವನು ಹಗಲಿಡೀ ರೆಕ್ಸಿನ್ ಸೀಟಿನ ಮೇಲೆ ಕೂತು, ಬಿಗಿ ನೈಲಾನ್ ಒಳಚಡ್ಡಿ, ಅದರ ಮೇಲೆ ಬಿಗಿ ಜೀನ್ಸು ಹಾಕಿ ಬೆವರುವವನು. ಔಷಧಿ ಅಂಗಡಿಯಿಂದ ತಾನೇ ಒಂದು ಟ್ಯೂಬು ತಂದು ಹಚ್ಚಿಕೊಳ್ಳುತ್ತಿದ್ದ. ಹಚ್ಚಿದಾಗ ತಣ್ಣಗಾಗುತ್ತಿತ್ತು, ಬಿಟ್ಟಾಗ ಮತ್ತಷ್ಟು ಹರಡುತ್ತಿತ್ತು. ಮನೆಯಲ್ಲಿ ಒಂದೇ ಟವೆಲ್ಲು, ಒಂದೇ ಬಕೆಟ್ಟು.

"ಆ ಟ್ಯೂಬಲ್ಲಿ ಸ್ಟಿರಾಯ್ಡ್ ಇರುತ್ತೆ" ಎಂದರು ಡಾಕ್ಟರಮ್ಮ. "ಕೆರೆತ ಅಡಗಿಸಿ, ಫಂಗಸ್ಸನ್ನ ಒಳಗೊಳಗೇ ಬೆಳೆಸುತ್ತೆ. ಅದನ್ನ ಮುಟ್ಟಬೇಡಿ. ನಾನು ಕೊಡೋ ಮುಲಾಮು ಹಚ್ಚಿ, ಮಾತ್ರೆ ತಗೊಳ್ಳಿ, ಕೆರೆತ ನಿಂತ್ರೂ ನಾನು ಹೇಳೋವರೆಗೆ ಬಿಡಬೇಡಿ. ಮನೆಯವರೂ ಔಷಧಿ ಮಾಡ್ಬೇಕು. ಇಲ್ಲಾಂದ್ರೆ ಅವರಿಂದ ನಿಮಗೆ, ನಿಮ್ಮಿಂದ ಅವರಿಗೆ, ಹೀಗೇ ತಿರುಗ್ತಿರುತ್ತೆ."

ಅಕ್ಕನಿಗೆ ತಡೆಯಲಾಗಲಿಲ್ಲ. "ಇವಳಿಗೆ ನಾನು ಕೊಟ್ಟಿದ್ದು ಶುದ್ಧ ಕಾಟನ್, ಡಾಕ್ಟ್ರೇ. ನೈಲಾನ್ ಸೋಕಿಸಿಲ್ಲ."

"ಕಾಟನ್ ಒಳ್ಳೇದೇ. ಆದ್ರೆ ಅದು ಬೆವರು ಹೀರಿ ಇಟ್ಕೊಳ್ಳುತ್ತೆ. ಆವಿ ಮುಂದೆ ನಿಲ್ಲೋಳು ಬೆಳಿಗ್ಗೆ ಹಾಕಿದ್ದನ್ನೇ ಸಂಜೆವರೆಗೂ ಹಾಕ್ಕೊಂಡ್ರೆ ಒದ್ದೆ ಬಟ್ಟೆ ಸುತ್ಕೊಂಡ ಹಾಗೇ. ಮೋಡಾಲ್ ಚರ್ಮ ಉಜ್ಜೋದು ಕಡಿಮೆ, ನೀರು ಇನ್ನೂ ಜಾಸ್ತಿ ಕುಡಿಯುತ್ತೆ, ಒಣಗೋದು ನಿಧಾನ. ಸಿಂಥೆಟಿಕ್ ಬೇಗ ಒಣಗುತ್ತೆ, ಆದ್ರೆ ಬಿಗಿಯಾಗಿ ಮೈಗಂಟಿ ಕೂತ್ರೆ ಬೆವರಿಗೆ ಹೋಗೋಕೆ ದಾರಿ ಇರಲ್ಲ. ಯಾವುದೇ ಇರಲಿ, ಸಡಿಲ ಇರ್ಬೇಕು, ಒದ್ದೆಯಾದ್ರೆ ಬದಲಾಯಿಸ್ಬೇಕು, ಪೂರ್ತಿ ಒಣಗ್ಬೇಕು. ಬಿಸಿಲು ಇಲ್ವಾ, ಇಸ್ತ್ರಿ ಹಾಕಿ. ಹೇಗೂ ನಿಮ್ಮ ಕೈಯಲ್ಲೇ ಇದೆಯಲ್ಲ."

ತಂಗಿ ಎಷ್ಟೋ ದಿನಗಳ ನಂತರ ಸ್ವಲ್ಪ ನಕ್ಕಳು. ಅಕ್ಕ ನಗಲಿಲ್ಲ. ಡಾಕ್ಟರಮ್ಮನ ಮಾತುಗಳಲ್ಲಿ ಅವಳ ಕಿವಿಗೆ ಅಂಟಿಕೊಂಡದ್ದು ಒಂದೇ: ಅದು ಆ ಮನೆಯಲ್ಲಿ ಇನ್ನೂ ಇದೆ, ತಿರುಗುತ್ತಿದೆ.

ತಂಗಿ ಅಕ್ಕನ ಮನೆಯಲ್ಲೇ ಉಳಿದಳು. ಚೀಲದಲ್ಲಿ ಒಂದು ಜೊತೆ ಒಣಬಟ್ಟೆ ಒಯ್ದು ಮಧ್ಯಾಹ್ನ ಬದಲಾಯಿಸುತ್ತಿದ್ದಳು, ಬೇರೆ ಟವೆಲ್ಲು ಇಟ್ಟುಕೊಂಡಳು, ಔಷಧಿ ತಪ್ಪಿಸಲಿಲ್ಲ. ಮಚ್ಚೆಗಳು ಮೆಲ್ಲಗೆ ಮಾಸತೊಡಗಿದವು. ಗಂಡನಿಗೆ ಫೋನ್ ಮಾಡಿ ಡಾಕ್ಟರು ಹೇಳಿದ್ದನ್ನು ಹೇಳಿದಳು. ಅವನು ಅಮ್ಮನಿಗೆ ಹೇಳುತ್ತೇನೆ ಎಂದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ಅಕ್ಕ ಹಗಲು ಗಿರಾಕಿಗಳ ಜೊತೆ ನಗುನಗುತ್ತಾ ಮಾತಾಡುತ್ತಿದ್ದಳು. ಒಬ್ಬಳೇ ಇದ್ದಾಗ ಅವಳ ಕಣ್ಣ ಮುಂದೆ ಬರುತ್ತಿದ್ದದ್ದು ಆ ಕಟಕಟೆ. ಮೆತ್ತಗಿರಲಿ, ತಂಗಿಗೆ ಚುಚ್ಚದಿರಲಿ ಎಂದು ತಾನೇ ಹೊಲಿಗೆ ಸವರಿ ನೋಡಿ ಆರಿಸಿ ಕೊಟ್ಟ ಬಟ್ಟೆ, ಊರವರ ಕಣ್ಣಿಗೆ ಬಿದ್ದು ಅಲ್ಲಿ ನೇತಾಡಿತ್ತು. ಅತ್ತೆಯ ಮನೆಗೆ ಹೋಗಿ ಕೂಗಾಡಿ ಬರುವುದು ಸುಲಭವಿತ್ತು. ಆದರೆ ಕೂಗಾಟದಲ್ಲಿ ಆ ಹೆಂಗಸನ್ನು ಗೆದ್ದವರಿಲ್ಲ. ಅಳತೆ ಅಕ್ಕ ಕಾದಳು.

ಅವಕಾಶ ಅದಾಗಿಯೇ ನಡೆದು ಬಂತು. ಆ ಕಟ್ಟಡದ ಕೆಳಮನೆಯಾಕೆ ಹಳೆಯ ಗಿರಾಕಿ. ಒಂದು ಬೆಳಿಗ್ಗೆ ಬಂದು ತನಗೆ ಬೇಕಾದ್ದನ್ನು ಕೊಂಡಮೇಲೆ ಹೋಗದೆ ನಿಂತಳು.

"ಇನ್ನೊಂದು ಬೇಕಿತ್ತು... ಬೇಜಾರು ಮಾಡ್ಕೋಬೇಡಿ. ನಿಮ್ಮ ತಂಗಿ ಅತ್ತೆ ಹೇಳಿದ್ದು. ನಿಮ್ಮಲ್ಲೇ ತಗೊಳ್ಳಿ ಅಂದಿಲ್ಲ, ಆದ್ರೆ ನನಗೆ ಬೇರೆ ಅಂಗಡಿ ಗೊತ್ತಿಲ್ಲ. ನೆಂಟರ ಮನೆ ಕಾರ್ಯಕ್ರಮ ಇದೆಯಂತೆ. ಹೊಟ್ಟೆ, ಸೊಂಟ ಎಲ್ಲ ಒಳಗೆ ಎಳೆದು ಹಿಡಿಯುತ್ತಲ್ಲ, ಅಂಥದ್ದು ಬೇಕಂತೆ. ಬ್ರಾ ಕೂಡ. ನೈಲಾನಿಂದು, ಹೊಳೆಯೋದು, ಒಗೆದ್ರೆ ಬೇಗ ಒಣಗೋದು."

ಕೆಳಮನೆಯಾಕೆ ಒಂದು ಅಳತೆ ಹೇಳಿದಳು. ಅಳತೆ ಅಕ್ಕ ಆ ಅತ್ತೆಯನ್ನು ತಂಗಿಯ ಮದುವೆಯಲ್ಲಿ ನೋಡಿದ್ದಳು. ಹೇಳಿದ್ದು ಆ ಮೈಗೆ ಒಂದು ಅಳತೆ ಚಿಕ್ಕದು. ಯೌವನದ ಅಳತೆಯನ್ನೇ ಹಿಡಿದುಕೊಂಡು ಕೂರುವ ಹೆಂಗಸರನ್ನು ಅವಳು ದಿನಾ ನೋಡುತ್ತಿದ್ದಳು. ಬೇರೆ ಯಾರೇ ಆಗಿದ್ದರೂ "ಸುಳ್ಳು ಹೇಳ್ತಿದ್ದೀರಾ ಅಥವಾ ಕನ್ನಡಿ ಹಳೇದಾ?" ಎಂದು ನಗಿಸಿ, ದೊಡ್ಡದನ್ನೇ ಕೊಟ್ಟು ಕಳಿಸುತ್ತಿದ್ದಳು. ಎಷ್ಟು ಹೊತ್ತು ಹಾಕಿಕೊಳ್ಳುತ್ತಾರೆ ಎಂದು ಕೇಳುತ್ತಿದ್ದಳು. ಮೈಮೇಲೆ ಗುಳ್ಳೆಗಿಳ್ಳೆ ಇದೆಯೇ ಎಂದು ಕೇಳುತ್ತಿದ್ದಳು. ಮನೆಯಲ್ಲಿ ಯಾರಿಗೋ ಹುಳುಕಡ್ಡಿ ಇದ್ದರೆ ಇದನ್ನು ಮುಟ್ಟಲೇಬೇಡಿ ಎನ್ನುತ್ತಿದ್ದಳು.

ಆ ಪ್ರಶ್ನೆಗಳೆಲ್ಲ ನಾಲಗೆಯ ತುದಿಗೆ ಬಂದು ನಿಂತವು. ಅವಳು ಅವನ್ನು ನುಂಗಿದಳು. ಏಣಿ ಹತ್ತಿ ಮೇಲಿನ ಗೂಡಿನಿಂದ ಪೆಟ್ಟಿಗೆಗಳನ್ನು ತೆಗೆದಳು. ಹೇಳಿದ ಬಟ್ಟೆ, ಹೇಳಿದ ಅಳತೆ, ಹೇಳಿದ ಹೊಳಪು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

"ಈವತ್ತು ಏನೂ ಕೇಳಲೇ ಇಲ್ವಲ್ಲ" ಎಂದಳು ಕೆಳಮನೆಯಾಕೆ.

"ಅವರಿಗೆ ಎಲ್ಲಾ ಗೊತ್ತಲ್ವಾ" ಎಂದಳು ಅಳತೆ ಅಕ್ಕ.

ಕಾರ್ಯಕ್ರಮ ಮುಗಿದ ಮೇಲೂ ಸುದ್ದಿ ಬಿಡಿಬಿಡಿಯಾಗಿ ಅಂಗಡಿಗೆ ಬರುತ್ತಿತ್ತು. ಅತ್ತೆ ಆ ಬಟ್ಟೆಯಲ್ಲಿ ತೆಳ್ಳಗೆ ಕಂಡಳಂತೆ. ಯಾರೋ ಹೊಗಳಿದರಂತೆ. ಆಮೇಲೆ ಮನೆಯಲ್ಲೂ ಹಾಕಿಕೊಳ್ಳುತ್ತಿದ್ದಾಳಂತೆ, ರಾತ್ರಿ ಒಗೆದು ಫ್ಯಾನಿನಡಿ ಹಾಕಿ ಬೆಳಿಗ್ಗೆ ಮತ್ತೆ ಅದನ್ನೇ. ಅಳತೆ ಅಕ್ಕ ಕೇಳಿಸಿಕೊಂಡು ಬಿಲ್ಲು ಬರೆಯುತ್ತಿದ್ದಳು. ಮಳೆ ಬಿಟ್ಟು ಸೆಕೆ ಏರಿತು. ಗೋಡೆಗಳೂ ಬೆವರುವಂಥ ಸೆಕೆ. ಅತ್ತೆ ಈಗ ಸಂಜೆ ಮೆಟ್ಟಿಲ ಮೇಲೆ ಹೆಚ್ಚು ಹೊತ್ತು ಕೂರುವುದಿಲ್ಲವಂತೆ ಎಂದು ಕೇಳಿದ ದಿನ ಅವಳಿಗೆ ಊಟ ರುಚಿಸಿತು.

ಒಂದು ಮಧ್ಯಾಹ್ನ, ಬೀದಿ ನಿದ್ದೆ ಹೋಗಿದ್ದ ಹೊತ್ತಿನಲ್ಲಿ, ಅತ್ತೆ ತಾನೇ ಬಂದಳು. ತಲೆಯ ಮೇಲೆ ಸೆರಗು, ಕಂಕುಳಿಗೆ ಒತ್ತಿ ಹಿಡಿದ ಕೈಚೀಲ. ಒಳಗೆ ಬಂದು ಹಿಂದೆ ನೋಡಿಕೊಂಡಳು.

"ಕೂತ್ಕೊಳ್ಳಿ ಅಮ್ಮಾ" ಎಂದಳು ಅಳತೆ ಅಕ್ಕ.

"ಕೂರೋಕಾಗಲ್ಲ." ಧ್ವನಿ ಇಳಿದಿತ್ತು. "ಕೆಳಮನೆಯಾಕೆ ಆ ಬಟ್ಟೆ ಇಲ್ಲಿಂದ ತಂದಿದ್ದು ಅಂತ ಈಗ ಗೊತ್ತಾಯ್ತು. ಅದು ಸರಿ ಇಲ್ಲ. ಬೇರೆ ಕೊಡು. ಮೆತ್ತಗಿರೋದು."

"ಏನು ತೊಂದರೆ?"

"ಸೆಕೆ ಗುಳ್ಳೆ."

"ಸೆಕೆ ಗುಳ್ಳೆ ಆದ್ರೆ ಸಣ್ಣಸಣ್ಣ ಕೆಂಪು ಚುಕ್ಕಿ ಇರುತ್ತೆ, ಮುಳ್ಳು ಚುಚ್ಚಿದ ಹಾಗಾಗುತ್ತೆ, ತಂಪಲ್ಲಿದ್ರೆ ಇಳಿಯುತ್ತೆ. ನಿಮ್ಮದು ಹಾಗಿದೆಯಾ? ಇಲ್ಲಾ ಬಳೆ ಬಳೆಯಾಗಿದೆಯಾ? ಅಂಚು ಉಬ್ಬಿ?"

ಅತ್ತೆಯ ಕೈ ತಾನಾಗಿ ಎದೆಯ ಕೆಳಗೆ ಹೋಯಿತು, ಅಲ್ಲಿಂದ ಸೊಂಟಕ್ಕೆ, ಅರ್ಧಕ್ಕೇ ನಿಂತಿತು.

"ಮಗನ ಟ್ಯೂಬು ಹಚ್ಚಿದ್ರಾ?"

"ಮೊದಲು ಕಡಿಮೆ ಆಯ್ತು. ಈಗ ಬೆನ್ನಿಗೂ ಹೋಗಿದೆ." ಆಮೇಲೆ ಅವಳು ಇನ್ನೂ ಮೆಲ್ಲಗೆ, ಗಿರಾಕಿಯ ಹಾಗಲ್ಲ, ಹೆದರಿದ ಹೆಂಗಸಿನ ಹಾಗೆ ಕೇಳಿದಳು: "ನಮ್ಮೆಜಮಾನರು ಹೋಗಿ ಎಷ್ಟು ವರ್ಷ ಆಯ್ತು. ನಾನು ಮನೆ ಬಿಟ್ಟು ಎಲ್ಲೂ ಹೋಗೋಳಲ್ಲ. ನನಗೆಲ್ಲಿಂದ ಬಂತು ಇದು?"

"ನನ್ನ ತಂಗಿನೂ ಅದನ್ನೇ ಕೇಳಿದ್ಲು."

ಈ ಗಳಿಗೆಯನ್ನು ಅಳತೆ ಅಕ್ಕ ಮನಸ್ಸಿನಲ್ಲಿ ಎಷ್ಟೋ ಸಲ ನಡೆಸಿ ನೋಡಿದ್ದಳು. ಆಗೆಲ್ಲ ಅವಳು ಕೂಗುತ್ತಿದ್ದಳು. ಈಗ ಕೂಗಬೇಕೆನಿಸಲಿಲ್ಲ. ಬಾಯೊಳಗೆ ಮಾತು ತಣ್ಣಗಿತ್ತು.

"ಡಾಕ್ಟರ ವಿಳಾಸ ಕೊಡ್ತೀನಿ. ಸಡಿಲ ಕಾಟನ್ನೂ ಕೊಡ್ತೀನಿ, ಸರಿಯಾದ ಅಳತೇಲಿ. ಆದ್ರೆ ಅದಕ್ಕೆ ಮುಂಚೆ ನಿಮ್ಮಿಂದ ಒಂದು ಕೆಲಸ ಆಗ್ಬೇಕು. ಸಂಜೆ ಎಲ್ಲಾ ಸೇರ್ತಾರಲ್ಲ, ಅದೇ ಮೆಟ್ಟಿಲ ಮೇಲೆ ನಿಂತು ಹೇಳಿ. ನನ್ನ ಸೊಸೆಗೆ ಬಂದಿದ್ದು ನನ್ನ ಮಗನಿಂದ, ಈಗ ನನಗೂ ಬಂದಿದೆ, ಅದು ಕೆಟ್ಟ ನಡತೆ ರೋಗ ಅಲ್ಲ, ನಾನಂದಿದ್ದು ಸುಳ್ಳು ಅಂತ. ಆವತ್ತು ಎಷ್ಟು ಜೋರಾಗಿ ಹೇಳಿದ್ರೋ ಅಷ್ಟೇ ಜೋರಾಗಿ."

"ಸಾಯ್ತೀನಿ, ಅದನ್ನ ಹೇಳಲ್ಲ."

"ಇದರಿಂದ ಯಾರೂ ಸಾಯಲ್ಲ ಅಮ್ಮಾ, ಕೆರ್ಕೊತಾ ಇರ್ತಾರೆ ಅಷ್ಟೇ. ನೀವು ಹೇಳದಿದ್ರೆ ನಾನೇ ಬಂದು ಹೇಳ್ತೀನಿ. ನಿಮಗೆ ಆಗಿದೆ ಅಂತ ಮಾತ್ರ ಹೇಳ್ತೀನಿ. ಅದು ಎಂಥವರಿಗೆ ಬರೋ ರೋಗ ಅಂತ ನೀವೇ ಹೇಳ್ಕೊಟ್ಟಿದ್ದೀರಲ್ಲ, ಉಳಿದಿದ್ದು ಅವರೇ ಕೂಡಿಸ್ಕೊಳ್ಳಲಿ."

ಅತ್ತೆಯ ಮುಖದ ಬಣ್ಣ ಇಳಿಯಿತು. ಅಳತೆ ಅಕ್ಕ ಆ ಮುಖವನ್ನು ನೋಡುತ್ತಲೇ ಇದ್ದಳು, ಕಣ್ಣು ಮಿಟುಕಿಸಿದರೆ ಏನೋ ತಪ್ಪಿಹೋಗುತ್ತದೆ ಎನ್ನುವಂತೆ.

ಆ ಸಂಜೆ ಅವಳು ಅಂಗಡಿಗೆ ಬೀಗ ಹಾಕಿ ಆ ಕಟ್ಟಡದ ಎದುರಿನ ಹಣ್ಣಿನ ಗಾಡಿಯ ಬಳಿ ನಿಂತಳು. ಹೆಂಗಸರು ಮೆಟ್ಟಿಲ ಮೇಲೆ ಸೇರಿದ್ದರು. ಅತ್ತೆ ಬಂದಳು, ಕಟಕಟೆ ಹಿಡಿದು ನಿಂತಳು, ಎದುರು ಬದಿಯಲ್ಲಿ ನಿಂತವಳನ್ನು ಕಂಡಳು. ಮೊದಲ ಸಲ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. "ಏನಂದ್ರಿ?" ಎಂದು ಮೇಲಿನ ಮಹಡಿಯವಳು ಬಗ್ಗಿ ಕೇಳಿದಳು. ಆಗ ಅತ್ತೆ ಕಣ್ಣು ಮುಚ್ಚಿಕೊಂಡು ಬೀದಿಗೇ ಕೇಳುವ ಹಾಗೆ ಹೇಳಿದಳು. ಮಗನ ಹೆಸರು ಹಿಡಿದು ಹೇಳಿದಳು. ಸೊಸೆಯ ತಪ್ಪಿಲ್ಲ ಎಂದಳು. ತನಗೂ ಬಂದಿದೆ ಎನ್ನುವಾಗ ಮಾತ್ರ ಧ್ವನಿ ಒಡೆಯಿತು.

ಯಾರೂ ನಗಲಿಲ್ಲ. ಅಳತೆ ಅಕ್ಕ ನಗುವನ್ನು ನಿರೀಕ್ಷಿಸಿದ್ದಳು, ಒಳಗೊಳಗೇ ಬೇಡಿಕೊಂಡೂ ಇದ್ದಳು. ಆಮೇಲೆ ಮೇಲಿನ ಮಹಡಿಯವಳು, "ನಮ್ಮನೆಯವರಿಗೂ ಇದೆ. ನಾನೂ ಯಾರಿಗೂ ಹೇಳಿಲ್ಲ" ಎಂದಳು. ಇನ್ನೊಬ್ಬಳು ತನ್ನ ಅತ್ತಿಗೆಯ ವಿಷಯ ತೆಗೆದಳು. ಯಾವ ಡಾಕ್ಟರು, ಯಾವ ಔಷಧಿ ಎಂದು ಮಾತು ಬೇರೆಲ್ಲೋ ಹೊರಟುಹೋಯಿತು. ತಾನು ಕಷ್ಟಪಟ್ಟು ಬೇಯಿಸಿದ ಅಡುಗೆಯನ್ನು ಯಾರೋ ಊರಿಗೆಲ್ಲ ಬಡಿಸಿಬಿಟ್ಟ ಹಾಗೆ ಅಳತೆ ಅಕ್ಕನಿಗೆ ಸಿಟ್ಟು ಬಂತು. ಆದರೂ ಅತ್ತೆ ಅದೇ ಕಟಕಟೆ ಹಿಡಿದು ಕಣ್ಣು ಮುಚ್ಚಿ ಕೂಗಿದ್ದನ್ನು ಅವಳು ನೋಡಿದ್ದಳು. ಅಷ್ಟು ಮಾತ್ರ ಅಳತೆ ಅಕ್ಕನದೇ ಪಾಲು.

ಮಾತಿಗೆ ತಪ್ಪಲಿಲ್ಲ. ಮಾರನೆಯ ದಿನವೇ ಕೆಳಮನೆಯಾಕೆಯ ಕೈಯಲ್ಲಿ ಸಡಿಲ ಕಾಟನ್, ಡಾಕ್ಟರ ವಿಳಾಸ, ಎರಡನ್ನೂ ಕಳಿಸಿದಳು.

ಮೆಟ್ಟಿಲ ಸುದ್ದಿ, ಆ ನೈಲಾನ್ ಎಲ್ಲಿಂದ ಬಂತೆಂಬುದೂ ಸೇರಿ, ಹೋಟೆಲ್ ಲಾಂಡ್ರಿಗೂ ಮುಟ್ಟಿತು. ತಂಗಿ ಮನೆಗೆ ಬಂದವಳು ಚಪ್ಪಲಿ ಬಿಡದೆಯೇ ಕೇಳಿದಳು.

"ಅತ್ತೆಗೆ ಆ ನೈಲಾನ್ ಕೊಟ್ಟಿದ್ದು ನೀನಾ?"

"ಅವಳೇ ಕೇಳಿದ್ದು. ಕೇಳಿದ್ದನ್ನೇ ಕೊಟ್ಟೆ."

"ಹೀಗಾಗುತ್ತೆ ಅಂತ ಗೊತ್ತಿತ್ತಾ?"

ಅಕ್ಕ ಸುಳ್ಳು ಹೇಳಲಿಲ್ಲ. "ಆಗ್ಬಹುದು ಅಂತ ಗೊತ್ತಿತ್ತು. ಆಗಲಿ ಅಂತಾನೂ ಇತ್ತು."

ತಂಗಿ ಗೋಡೆಗೆ ಒರಗಿ ನಿಂತಳು. "ನನಗೋಸ್ಕರ ಅಂತ ಹೇಳ್ಬೇಡ. ನನ್ನನ್ನ ಒಂದು ಮಾತು ಕೇಳಿದ್ಯಾ? ಆ ಕೆರೆತ ಹೇಗಿರುತ್ತೆ ಅಂತ ನನಗೆ ಗೊತ್ತು. ಆ ಮುದುಕಿ ಅಂದ ಮಾತಿಗೆ ಅವಳನ್ನ ಇವತ್ತಿಗೂ ಕ್ಷಮಿಸಿಲ್ಲ. ಆದ್ರೂ ಅದು ಯಾರಿಗೂ ಬೇಡ ಅನ್ಸುತ್ತೆ."

"ನಿನಗೆ ಬೇಡ ಅನ್ಸುತ್ತೆ. ನನಗೆ ಅನ್ಸಲಿಲ್ಲ. ನಾಳೆ ಇನ್ನೊಂದು ಸಲ ಬಂದು ಕೇಳಿದ್ರೂ ಅದನ್ನೇ ಕೊಡ್ತೀನಿ."

"ಗೊತ್ತು" ಎಂದಳು ತಂಗಿ. "ಅದಕ್ಕೇ ಹೆದರಿಕೆ ಆಗುತ್ತೆ ನಿನ್ನ ನೋಡಿದ್ರೆ." ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಇಬ್ಬರಿಗೂ ಊಟಕ್ಕೆ ತಟ್ಟೆ ಇಟ್ಟಳು.

ಗಂಡ ಬಂದದ್ದು ಅದೇ ವಾರ. ಅಂಗಡಿಯ ಹೊರಗೆ ವ್ಯಾನ್ ನಿಲ್ಲಿಸಿ, ಇಳಿಯಲೋ ಬೇಡವೋ ಎಂದು ಸ್ಟೀರಿಂಗ್ ಹಿಡಿದು ಕೂತಿದ್ದ. ತಂಗಿಯೇ ಹೋಗಿ ಕಿಟಕಿಯ ಬಳಿ ನಿಂತಳು.

"ಅಮ್ಮ ಹೇಳಿ ಆಯ್ತಲ್ಲ. ಈಗ ಬಾ" ಎಂದ.

"ಅವರು ಹೇಳಿದ್ರು. ನೀವು?"

ಅವನು ವೈಪರ್ ನೋಡುತ್ತಾ ಕೂತ.

"ಅವರು ಅಷ್ಟು ಜನರ ಮುಂದೆ ನಿಂತು ಹೇಳೋಕೆ ಆಯ್ತು. ನಿಮಗೆ ಅವತ್ತು ಟಿ.ವಿ. ಆರಿಸೋಕೂ ಆಗಲಿಲ್ಲ. ಡಾಕ್ಟರ ಹತ್ರ ಹೋಗಿ, ಪೂರ್ತಿ ಔಷಧಿ ಮಾಡಿ. ಆ ಟ್ಯೂಬು ಬಿಸಾಡಿ. ನನ್ನನ್ನ ಕಾಯಬೇಡಿ."

ವ್ಯಾನು ಹೊರಟುಹೋಯಿತು. ತಂಗಿ ಲಾಂಡ್ರಿಯ ಗೆಳತಿಯೊಬ್ಬಳ ಜೊತೆ ಬಾಡಿಗೆಗೆ ಒಂದು ಕೋಣೆ ನೋಡಿಟ್ಟಿದ್ದಳು. ಪೂರ್ವದ ಕಡೆ ಬಾಲ್ಕನಿ, ಬಿಸಿಲು ಬಂದರೆ ಮೊದಲು ಅಲ್ಲಿಗೇ. ಅಕ್ಕ ಬೇಡವೆನ್ನಲು ಬಾಯಿ ತೆರೆದಳು, ತಂಗಿಯ ಮುಖ ನೋಡಿ ಮುಚ್ಚಿದಳು.

ಕೋಣೆಗೆ ಹೋಗುವ ಹೊತ್ತಿಗೆ ಡಾಕ್ಟರಮ್ಮ ಔಷಧಿ ನಿಲ್ಲಿಸಬಹುದೆಂದು ಹೇಳಿಯಾಗಿತ್ತು. ಅಕ್ಕ ಹೊಸ ಒಳಉಡುಪುಗಳನ್ನು ಕಟ್ಟಿ ಕೊಡುತ್ತಾ ಕೇಳಿದಳು: "ಅಲ್ಲಿ ಹಗ್ಗ ಇದೆಯಾ? ಮಳೆ ಬಂದ್ರೆ ಒಳಗೆ ಹಾಕೋಕೆ ಜಾಗ? ಇಸ್ತ್ರಿ ಪೆಟ್ಟಿಗೆ?"

"ಎಲ್ಲಾ ಇದೆ" ಎಂದಳು ತಂಗಿ. ಕಟ್ಟನ್ನು ತೆಗೆದುಕೊಂಡು, ಬಾಗಿಲಲ್ಲಿ ನಿಂತು, "ಭಾನುವಾರ ಊಟಕ್ಕೆ ಬಾ. ಖಾರ ಎಷ್ಟು ಬೇಕು ಅಂತ ನಿನ್ನನ್ನ ಕೇಳಿಯೇ ಹಾಕ್ತೀನಿ" ಎಂದು ಹೇಳಿ ಬೀದಿಗಿಳಿದಳು.